ನೇರ ಬೆಳಕು, ತಲೆಕೆಳಗಿನ ಮರ

ಪ್ರಶ್ನೆ: ನನ್ನ ಮಗ ಆರನೇ ತರಗತಿಯಲ್ಲಿದ್ದಾನೆ. ಸೂಜಿರಂಧ್ರ ಕ್ಯಾಮೆರಾದಲ್ಲಿ ಬಿಂಬ ತಲೆಕೆಳಗಾಗಿ ಮೂಡುವುದಕ್ಕೆ ಬೆಳಕು ಸರಳರೇಖೆಯಲ್ಲಿ ಚಲಿಸುವುದೇ ಕಾರಣ ಎಂದು ಅವನ ಪಾಠದಲ್ಲಿದೆ. "ಬೆಳಕು ನೆಟ್ಟಗೆ ಹೋಗುವುದಾದರೆ ಚಿತ್ರವೂ ನೆಟ್ಟಗೇ ಇರಬೇಕಲ್ಲ?" ಎನ್ನುವುದು ಅವನ ವಾದ. ನನಗೂ ಉತ್ತರ ಹೊಳೆಯಲಿಲ್ಲ. ಅವನಿಗೆ ಓದಿ ಹೇಳುವಂತೆ ಒಂದು ಸಣ್ಣ ಕಥೆಯಾಗಿ ವಿವರಿಸುತ್ತೀರಾ?

ಉತ್ತರ: ನಿಮ್ಮ ಮಗನ ತಕರಾರಿನಲ್ಲಿ ಹುರುಳಿದೆ. ಪಾಠದ ವಾಕ್ಯ ತಪ್ಪಲ್ಲ, ಆದರೆ ಅರ್ಧದಾರಿಯಲ್ಲೇ ನಿಂತುಬಿಟ್ಟಿದೆ. ಇಂಥ ಪಾಠಗಳ ಜೊತೆಗೆ ಸಾಮಾನ್ಯವಾಗಿ ಇರುವ ಚಿತ್ರವನ್ನು ನೆನಪಿಸಿಕೊಳ್ಳಿ. ಒಂದು ಕಡೆ ಮರ, ನಡುವೆ ಕಿಂಡಿ, ಇನ್ನೊಂದು ಕಡೆ ತಲೆಕೆಳಗಾದ ಮರ. ಮರದ ತುದಿಯಿಂದ ಒಂದು ಗೆರೆ, ಬುಡದಿಂದ ಒಂದು ಗೆರೆ, ಎರಡೂ ಕಿಂಡಿಯಲ್ಲಿ ಒಂದನ್ನೊಂದು ದಾಟುತ್ತವೆ. ಆದರೆ ಮರದಿಂದ ಹೊರಡುವುದು ಎರಡೇ ಗೆರೆಯೇ? ಉಳಿದ ಬೆಳಕೆಲ್ಲ ಏನಾಯಿತು? ಅದನ್ನು ಹೇಳದೆ 'ಸರಳರೇಖೆ' ಎಂದು ಮುಗಿಸಿಬಿಟ್ಟರೆ ಯೋಚಿಸುವ ಮಗು ಒಪ್ಪುವುದಿಲ್ಲ, ಒಪ್ಪಲೂಬಾರದು.

ಹಾಗಾಗಿ ನನ್ನ ಕಥೆಯ ಹುಡುಗ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾನೆ. ಬಿಂಬ ತಲೆಕೆಳಗೇಕೆ ಎನ್ನುವುದು ಒಂದು. ಬಿಂಬ ಮೂಡುವುದಾದರೂ ಏಕೆ ಎನ್ನುವುದು ಇನ್ನೊಂದು. ಹುಡುಗ, ಅವನ ಅಕ್ಕ ಇಬ್ಬರೂ ಕಲ್ಪನೆಯವರು. ಅವರು ಮಾಡುವ ಪ್ರಯೋಗಗಳನ್ನು, ಕೊಟ್ಟಿರುವ ಅಳತೆಗಳಲ್ಲೇ, ನೀವಿಬ್ಬರೂ ಮಾಡಿ ನೋಡಬಹುದು.

* * *

ಹುಡುಗನ ಬಳಿ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಚಿಕ್ಕದು ದೊಡ್ಡದರೊಳಗೆ ತುಸು ಬಿಗಿಯಾಗಿ ಜಾರುತ್ತಿತ್ತು. ಎರಡರ ಒಳಮೈಗೂ ಅವನು ಕಪ್ಪು ಕಾಗದ ಅಂಟಿಸಿದ. ದೊಡ್ಡ ಪೆಟ್ಟಿಗೆಯ ಒಂದು ಮುಖವನ್ನು ಪೂರ್ತಿ ಕತ್ತರಿಸಿ ತೆಗೆದು, ಅದರ ಎದುರಿನ ಮುಖದ ನಟ್ಟನಡುವೆ ಪೆನ್ನಿನ ಮೊನೆಯಿಂದ ತೂತು ಕೊರೆದ. ಚಿಕ್ಕ ಪೆಟ್ಟಿಗೆಯ ಎರಡೂ ತುದಿಗಳನ್ನು ತೆರೆದು, ಒಳಗೆ ಹೋಗುವ ತುದಿಗೆ ಟ್ರೇಸಿಂಗ್ ಕಾಗದವನ್ನು ಸುಕ್ಕಿಲ್ಲದಂತೆ ಎಳೆದು ಅಂಟಿಸಿದ. ಅದೇ ಪರದೆ. ಇನ್ನೊಂದು ತುದಿಗೆ ಕಣ್ಣಿಟ್ಟು ಪರದೆಯನ್ನು ನೋಡುವುದು, ಪೆಟ್ಟಿಗೆಯನ್ನು ಒಳಕ್ಕೂ ಹೊರಕ್ಕೂ ಜಾರಿಸಿ ಪರದೆಯನ್ನು ಕಿಂಡಿಗೆ ಹತ್ತಿರವೋ ದೂರವೋ ಮಾಡುವುದು, ಇಷ್ಟೇ ಅದರ ರಚನೆ.

ಕೋಣೆಯೊಳಗೆ ನಿಂತು ಎದುರಿನ ಕಪಾಟಿನತ್ತ ತಿರುಗಿಸಿ ನೋಡಿದ. ಮಂಕು ಬೂದು ಬಣ್ಣ ಬಿಟ್ಟರೆ ಏನೂ ಕಾಣಲಿಲ್ಲ.

ಅಕ್ಕ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ತೂತನ್ನು ಬೆರಳಿನಿಂದ ಸವರಿದಳು. "ರಟ್ಟು ದಪ್ಪ ಇದೆ. ನೀನು ಕೊರೆದದ್ದು ಕಿಂಡಿಯಲ್ಲ, ಸುರಂಗ. ಓರೆಯಾಗಿ ಬರುವ ಬೆಳಕೆಲ್ಲ ಅದರ ಗೋಡೆಗೆ ಬಡಿದು ನಿಂತುಬಿಡುತ್ತದೆ. ಅಂಚೂ ನಾರುನಾರಾಗಿದೆ, ನೋಡು."

ಅವಳು ತೂತಿನ ಸುತ್ತ ಎರಡು ಬೆರಳಗಲದ ಚೌಕವನ್ನೇ ಕತ್ತರಿಸಿ ತೆಗೆದಳು. ಅಲ್ಯೂಮಿನಿಯಂ ಹಾಳೆಯ ತುಂಡನ್ನು ಒಂದು ರಟ್ಟಿನ ಮೇಲೆ ಮಲಗಿಸಿ ಸೂಜಿಯನ್ನು ಹುಡುಗನ ಕೈಗೆ ಕೊಟ್ಟಳು. "ಚುಚ್ಚಿ ಆಚೆಗೆ ತಳ್ಳಬೇಡ, ಹಾಳೆ ಹರಿಯುತ್ತದೆ. ಮೊನೆಯನ್ನು ಊರಿ, ಬೆರಳುಗಳ ನಡುವೆ ಸೂಜಿಯನ್ನು ತಿರುಗಿಸುತ್ತಾ ಹೋಗು." ಒಂದು ಮಿಲಿಮೀಟರಿನಷ್ಟು ಅಗಲದ ದುಂಡನೆಯ ಕಿಂಡಿ ಆಯಿತು. ಆ ಹಾಳೆಯನ್ನು ಚೌಕದ ಮೇಲೆ ಅಂಟಿಸಿ, ಅಂಚುಗಳಿಂದ ಬೆಳಕು ನುಸುಳದಂತೆ ಕಪ್ಪು ಪಟ್ಟಿ ಹಾಕಿದರು.

"ಇನ್ನು ಹೊರಗೆ ನಡೆ. ಇಷ್ಟು ಚಿಕ್ಕ ಕಿಂಡಿಯಲ್ಲಿ ನುಗ್ಗುವ ಬೆಳಕು ತೀರಾ ಕಡಿಮೆ. ಬಿಸಿಲಿನಲ್ಲಿರುವುದು ಮಾತ್ರ ಕಂಡೀತು. ನೀನು ಮಾತ್ರ ನೆರಳಿನಲ್ಲಿ ನಿಂತುಕೊ."

ಬಿಸಿಲಿಗೆ ಬೆನ್ನು ಮಾಡಿ ನಿಂತು, ಪೆಟ್ಟಿಗೆಯನ್ನು ಎದುರಿನ ಮರದತ್ತ ಹಿಡಿದು, ತಲೆಯ ಮೇಲಿಂದ ಕಪ್ಪು ಬಟ್ಟೆ ಹೊದ್ದುಕೊಂಡ. ಮೊದಲು ಕತ್ತಲೆಯೇ. "ಏನೂ ಇಲ್ಲ ಅಕ್ಕ" ಎಂದ. "ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ, ಬಟ್ಟೆ ಸರಿಸಬೇಡ" ಎಂದಳು. ಸ್ವಲ್ಪ ಹೊತ್ತಿಗೆ ಪರದೆಯ ಕೆಳಭಾಗ ತಿಳಿ ನೀಲಿಯಾಗಿ ಬೆಳಗತೊಡಗಿತು. ಆಮೇಲೆ ಮೇಲಿನ ಅಂಚಿನಿಂದ ಕಪ್ಪನೆಯ ಕಾಂಡವೊಂದು ಇಳಿದುಬಂತು. ಅದರ ಕೆಳಗೆ ಕೊಂಬೆಗಳು, ಕೊಂಬೆಗಳ ಕೆಳಗೆ ಹಸಿರು. ಗಾಳಿ ಬೀಸಿದಾಗ ಆ ಹಸಿರು ಅಲುಗಾಡಿತು! ಬಣ್ಣವೂ ಇದೆ, ಚಲನೆಯೂ ಇದೆ. ಆದರೆ ಆಕಾಶ ಕೆಳಗೆ, ನೆಲ ಮೇಲೆ.

"ಅಕ್ಕ, ಪೆಟ್ಟಿಗೆಯನ್ನು ತಲೆಕೆಳಗಾಗಿ ಹಿಡಿದಿದ್ದೇನೆ ಅನಿಸುತ್ತದೆ."

"ಹಾಗಾದರೆ ತಿರುಗಿಸಿ ಹಿಡಿ."

ಮೇಲಿನ ಮೈ ಕೆಳಗೆ ಬರುವಂತೆ ಪೆಟ್ಟಿಗೆಯನ್ನು ಮಗುಚಿದ. ಮರ ಕದಲಲಿಲ್ಲ. ಚಿಕ್ಕ ಪೆಟ್ಟಿಗೆಯನ್ನಷ್ಟೇ ಹೊರತೆಗೆದು ತಿರುಗಿಸಿ ಸೇರಿಸಿದ. ಮರ ಹಾಗೆಯೇ ಇತ್ತು. ಪರದೆಯನ್ನು ಕಿಂಡಿಯ ಹತ್ತಿರಕ್ಕೆ ಜಾರಿಸಿದ. ಮರ ಚಿಕ್ಕದಾಯಿತು, ಹೆಚ್ಚು ಹೊಳೆಯಿತು, ಆದರೆ ಕೊಂಬೆಗಳು ಕೆಳಗೇ ಇದ್ದವು. ಪರದೆ ಎಲ್ಲಿದ್ದರೂ ಅಷ್ಟೇ, ನೆಟ್ಟಗಾಗುವ ಜಾಗವೇ ಇಲ್ಲ. ಅಂದರೆ ಇದು ಪೆಟ್ಟಿಗೆಯ ತಪ್ಪಲ್ಲ, ಪರದೆಯ ತಪ್ಪೂ ಅಲ್ಲ. ಉಳಿದದ್ದು ಕಿಂಡಿ.

"ಕಿಂಡಿ ಚಿತ್ರವನ್ನು ತಿರುಗಿಸುತ್ತದೆ" ಎಂದು ಹುಡುಗ ತೀರ್ಮಾನ ಕೊಟ್ಟ.

"ಕಿಂಡಿ ಎಂದರೆ ಏನೂ ಇಲ್ಲದ ಜಾಗ. ಏನೂ ಇಲ್ಲದ್ದು ಹೇಗೆ ತಿರುಗಿಸುತ್ತದೆ?"

ಅದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ದುಂಡಗಿರುವುದರಿಂದ ಹೀಗಾಗುತ್ತಿರಬಹುದು ಎಂದು ಬೇರೊಂದು ಹಾಳೆಯಲ್ಲಿ ಬ್ಲೇಡಿನ ತುದಿಯಿಂದ ಚಿಕ್ಕ ಚೌಕ ಕಿಂಡಿ ಮಾಡಿಸಿಕೊಂಡು ನೋಡಿದ. ಮರವೂ ಚೌಕವಾಗಲಿಲ್ಲ, ತಲೆಯೂ ಮೇಲಾಗಲಿಲ್ಲ.

ಕತ್ತಲಾದ ಮೇಲೆ ಅಕ್ಕ ಕೋಣೆಯ ದೀಪ ಆರಿಸಿ ಎರಡು ಮೇಣದಬತ್ತಿ ಹಚ್ಚಿದಳು. ಪೆಟ್ಟಿಗೆಯನ್ನು ಮೇಜಿನ ಮೇಲೆ ಪುಸ್ತಕಗಳ ಅಟ್ಟಿಯ ಮೇಲಿಟ್ಟಳು. ಪರದೆಯನ್ನು ಕಿಂಡಿಯಿಂದ ಸರಿಯಾಗಿ 20 ಸೆಂಟಿಮೀಟರ್ ದೂರಕ್ಕೆ ಎಳೆದಳು. ಬತ್ತಿಗಳು ಕಿಂಡಿಯಿಂದ 40 ಸೆಂಟಿಮೀಟರ್ ದೂರದಲ್ಲಿ ಅಕ್ಕಪಕ್ಕ ನಿಂತವು. ಒಂದರ ಉರಿ ಕಿಂಡಿಯ ಮಟ್ಟಕ್ಕಿಂತ 8 ಸೆಂಟಿಮೀಟರ್ ಮೇಲಿತ್ತು, ಇನ್ನೊಂದರದು 4 ಸೆಂಟಿಮೀಟರ್ ಕೆಳಗಿತ್ತು. ಎತ್ತರಗಳು ಬೇರೆಬೇರೆಯಾಗಿರಲಿ ಎಂದು ಅವಳು ಬೇಕೆಂದೇ ಹಾಗೆ ಇಟ್ಟಿದ್ದಳು. ಯಾವ ಚಿತ್ರ ಯಾವ ಬತ್ತಿಯದು ಎಂಬ ಗೊಂದಲ ಬರಬಾರದಲ್ಲ.

ಪರದೆಯ ಮೇಲೆ ಎರಡು ಪುಟ್ಟ ಉರಿಗಳು ಮೊನೆ ಕೆಳಗಾಗಿ ನಿಂತಿದ್ದವು. ಹುಡುಗ ಪಟ್ಟಿ ಹಿಡಿದು ಅಳೆದ. ಪರದೆಯ ನಡುವಿನಿಂದ ಒಂದು 4 ಸೆಂಟಿಮೀಟರ್ ಕೆಳಗಿತ್ತು, ಮತ್ತೊಂದು 2 ಸೆಂಟಿಮೀಟರ್ ಮೇಲಿತ್ತು.

"ಈಗ ನಾನು ಮೇಲಿನ ಬತ್ತಿಗೆ ರಟ್ಟು ಅಡ್ಡ ಹಿಡಿಯುತ್ತೇನೆ. ಯಾವುದು ಮಾಯವಾಗುತ್ತದೆ? ನೋಡುವ ಮೊದಲು ಹೇಳು."

"ಮೇಲಿನದು."

ಮಾಯವಾದದ್ದು ಕೆಳಗಿನದು. ಮೇಲಿನದು ಒಂದಿಷ್ಟೂ ಅಲುಗದೆ, ಮಂಕಾಗದೆ ಉರಿಯುತ್ತಲೇ ಇತ್ತು. ಅವಳು ರಟ್ಟನ್ನು ತೆಗೆದಳು, ಮತ್ತೆ ಹಿಡಿದಳು. ಹುಡುಗ ಎದ್ದುಬಂದು ತಾನೇ ರಟ್ಟು ಹಿಡಿದು ನೋಡಿದ. ಬತ್ತಿಗಳ ಮುಂದೆ ರಟ್ಟನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಸುವಂತೆ ಅಕ್ಕನಿಗೆ ಹೇಳಿ ಪರದೆಯ ಬಳಿ ಕುಳಿತ. ಕತ್ತಲು ಪರದೆಯ ಕೆಳಗಿನಿಂದ ಮೇಲಕ್ಕೆ ಏರಿತು.

"ಅಂದರೆ ಕೆಳಗಿನ ಚಿತ್ರ ಬರೆದದ್ದು ಮೇಲಿನ ಬತ್ತಿ."

"ಹೌದು. ಎರಡಕ್ಕೂ ಪರಸ್ಪರ ಸಂಬಂಧವೇ ಇಲ್ಲ. ಒಂದು ಆರಿದರೂ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ."

"ಆದರೆ ಎರಡೂ ಒಂದೇ ಕಿಂಡಿಯಲ್ಲಿ ನುಗ್ಗುತ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆದು ಮೇಲೆ ಕೆಳಗೆ ಆಗಿರಬಹುದಲ್ಲ?"

"ಡಿಕ್ಕಿ ಹೊಡೆದಿದ್ದರೆ, ಒಂದನ್ನು ತಡೆದಾಗ ಇನ್ನೊಂದು ಜಾಗ ಬದಲಿಸಬೇಕಿತ್ತು. ಬದಲಿಸಿತೇ?"

ಬದಲಿಸಿರಲಿಲ್ಲ. ಬೆಳಕು ಬೆಳಕನ್ನು ಹಾದುಹೋಗುತ್ತದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ಹೊತ್ತಿನಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದ. "ಬೆಳಕು ನೆಟ್ಟಗೆ ಹೋಗುತ್ತದೆ ಎನ್ನುತ್ತೀಯಲ್ಲ, ಮೇಲಿನ ಬತ್ತಿಯ ಬೆಳಕು ನೆಟ್ಟಗೆ ಹೋಗಿ ಮೇಲೆಯೇ ಏಕೆ ಬೀಳಲಿಲ್ಲ?"

ಅಕ್ಕ ಬತ್ತಿಗಳನ್ನು ಆರಿಸಿ ದೀಪ ಹಾಕಿದಳು. ಒಂದು ರಟ್ಟಿಗೆ ತೂತು ಮಾಡಿ ಪೆಟ್ಟಿಗೆಯ ಕಿಂಡಿ ಇದ್ದ ಕಡೆ ನಿಲ್ಲಿಸಿದಳು. ಮೇಲಿನ ಬತ್ತಿಯ ತುದಿಗೆ ಕೆಂಪು ದಾರದ ಒಂದು ಕೊನೆಯನ್ನು ಕಟ್ಟಿ, ದಾರವನ್ನು ತೂತಿನಲ್ಲಿ ತೂರಿಸಿ, ಇನ್ನೊಂದು ಕೊನೆಯನ್ನು ಹುಡುಗನ ಕೈಗೆ ಕೊಟ್ಟಳು. ಪರದೆ ಇದ್ದ ಜಾಗದಲ್ಲಿ ಒಂದು ಪುಸ್ತಕ ನಿಲ್ಲಿಸಿದಳು.

"ದಾರವನ್ನು ಬಿಗಿಯಾಗಿ ಹಿಡಿದು ಪುಸ್ತಕದ ಮೇಲ್ಭಾಗಕ್ಕೆ ಮುಟ್ಟಿಸು."

ಅವನು ಮುಟ್ಟಿಸಿದ. ದಾರ ತೂತಿನ ಅಂಚಿಗೆ ಒತ್ತಿಕೊಂಡು ಅಲ್ಲೇ ಮುರಿದಂತೆ ಬಾಗಿತು. ಬತ್ತಿಯಿಂದ ತೂತಿನವರೆಗೆ ಇಳಿಜಾರು, ತೂತಿನಿಂದ ಮುಂದಕ್ಕೆ ಏರು.

"ಇದು ನೆಟ್ಟಗಿದೆಯೇ?"

"ಇಲ್ಲ."

"ನೆಟ್ಟಗೆ ಮಾಡು."

ಕೈಯನ್ನು ಕೆಳಕ್ಕೆ ತಂದ. ತೂತಿನ ಅಂಚಿಗೆ ತಾಗದೆ ದಾರ ಒಂದೇ ಗೆರೆಯಾದಾಗ ಅವನ ಬೆರಳು ಪುಸ್ತಕದ ಕೆಳಭಾಗದಲ್ಲಿತ್ತು. ನಡುಮಟ್ಟದಿಂದ 4 ಸೆಂಟಿಮೀಟರ್ ಕೆಳಗೆ. ಉರಿಯ ಚಿತ್ರ ನಿಂತಿದ್ದ ಜಾಗವೇ ಅದು.

ಮೇಲಿನ ಬತ್ತಿಯಿಂದ ಕಿಂಡಿಗೆ ಬರುವ ಬೆಳಕು ಇಳಿಯುತ್ತಲೇ ಬರುತ್ತದೆ, ಇಲ್ಲದಿದ್ದರೆ ಕಿಂಡಿಯನ್ನು ಮುಟ್ಟುವುದೇ ಇಲ್ಲ. 40 ಸೆಂಟಿಮೀಟರ್ ಬರುವಷ್ಟರಲ್ಲಿ 8 ಇಳಿದಿದೆ. ಕಿಂಡಿಯಲ್ಲಿ ಅದಕ್ಕೆ ಏನೂ ಆಗುವುದಿಲ್ಲ. ಇಳಿಯುತ್ತಿದ್ದದ್ದು ಇಳಿಯುತ್ತಲೇ ಹೋಗಿ, ಇನ್ನು 20 ಸೆಂಟಿಮೀಟರ್ ದಾಟುವಾಗ ಮತ್ತೆ 4 ಇಳಿಯುತ್ತದೆ. ಕೆಳಗಿನ ಬತ್ತಿಯ ಬೆಳಕು ಏರುತ್ತಾ ಬಂದು ಏರುತ್ತಲೇ ಹೋಗುತ್ತದೆ. ಚಿತ್ರ ನೆಟ್ಟಗೆ ಮೂಡಬೇಕಿದ್ದರೆ ಬೆಳಕು ಕಿಂಡಿಯಲ್ಲಿ ಬಾಗಬೇಕಿತ್ತು. ಬಾಗದೇ ಇರುವುದರಿಂದಲೇ ತಲೆಕೆಳಗು.

"ಉರಿಯ ಮೊನೆಗೂ ಬುಡಕ್ಕೂ ಇದೇ ಲೆಕ್ಕವೇ?" ಎಂದು ಹುಡುಗ ಕೇಳಿದ. ಅದೇ ಲೆಕ್ಕ. ಒಂದು ಉರಿಯಲ್ಲೇ ಮೊನೆಯ ಬೆಳಕು ಬುಡದ ಬೆಳಕಿಗಿಂತ ಹೆಚ್ಚು ಇಳಿಜಾರಾಗಿ ಬರುತ್ತದೆ, ಹಾಗಾಗಿ ಹೆಚ್ಚು ಕೆಳಗೆ ಬೀಳುತ್ತದೆ.

ಅವನಿಗೆ ಇಷ್ಟು ಸಾಕಾಗಿತ್ತು, ಆದರೆ ಅಕ್ಕನಿಗೆ ಸಾಕಾಗಲಿಲ್ಲ. ಬತ್ತಿಗಳನ್ನು ಮತ್ತೆ ಹಚ್ಚಿ, ಪೆಟ್ಟಿಗೆಯನ್ನು ಬದಿಗಿಟ್ಟು, ಒಂದು ಬಿಳಿ ಕಾಗದವನ್ನು ಬತ್ತಿಗಳ ಎದುರು ಹಿಡಿದಳು. "ಬತ್ತಿಯ ಬೆಳಕು ಇದರ ಮೇಲೂ ಬೀಳುತ್ತಿದೆ. ಚಿತ್ರ ಎಲ್ಲಿ?"

ಕಾಗದ ಮೇಲಿನಿಂದ ಕೆಳಗಿನವರೆಗೆ ಬರಿದೆ ಬೆಳಗಿತ್ತು.

"ಕಿಂಡಿ ಇಲ್ಲ, ಅದಕ್ಕೆ ಚಿತ್ರ ಇಲ್ಲ."

"ಕಿಂಡಿ ಬೆಳಕನ್ನು ತಡೆಯುತ್ತದೆ, ಹೆಚ್ಚಿಸುವುದಿಲ್ಲ. ತಡೆದಾಗ ಚಿತ್ರ ಬರುತ್ತದೆ, ಪೂರ್ತಿ ಬಿಟ್ಟರೆ ಬರುವುದಿಲ್ಲ. ವಿಚಿತ್ರ ಅನಿಸುವುದಿಲ್ಲವೇ?"

ಒಂದು ಬತ್ತಿಯನ್ನು ಆರಿಸಿ, ಅವನಿಗೆ ಸೂಜಿ ಕೊಟ್ಟು, ಪೆಟ್ಟಿಗೆಯ ಹಾಳೆಯಲ್ಲಿ ಮೊದಲ ಕಿಂಡಿಯ ಪಕ್ಕದಲ್ಲಿ 1 ಸೆಂಟಿಮೀಟರ್ ಬಿಟ್ಟು ಇನ್ನೊಂದು ಚುಚ್ಚಲು ಹೇಳಿದಳು. ಒಂದೇ ಬತ್ತಿ ಉರಿಯುತ್ತಿದ್ದರೂ ಪರದೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಉರಿಗಳು ಬಂದವು. ಎರಡೂ ತಲೆಕೆಳಗು. ಮೂರನೆಯದು ಚುಚ್ಚಿದ, ಮೂರು ಉರಿ. ಅವನಿಗೆ ಹುರುಪು ಬಂದು ಹಾಳೆಯ ತುಂಬ ಚುಚ್ಚತೊಡಗಿದ. ಮೊದಮೊದಲು ಉರಿಗಳ ಸಾಲು, ಆಮೇಲೆ ಗುಂಪು. ಅಂಚುಗಳು ಒಂದರ ಮೇಲೊಂದು ಏರಿದವು. ಎಲ್ಲೆಲ್ಲಿ ಎರಡು ಸೇರಿದವೋ ಅಲ್ಲಿ ಹೆಚ್ಚು ಬೆಳಕು, ಆದರೆ ಆಕಾರ ಅಸ್ಪಷ್ಟ. ಕೊನೆಗೆ ಕಿಂಡಿಗಳ ನಡುವಿನ ಜಾಗವೇ ಹರಿದುಹೋಗಿ ದೊಡ್ಡ ತೂತಾಯಿತು. ಪರದೆ ಬರಿದೆ ಬೆಳಗಿತು, ಆ ಬಿಳಿ ಕಾಗದದ ಹಾಗೆಯೇ.

ಹುಡುಗ ಪರದೆಯನ್ನೂ ಹರಿದ ಹಾಳೆಯನ್ನೂ ಮತ್ತೆಮತ್ತೆ ನೋಡಿದ.

"ಅಕ್ಕ, ಹಾಗಾದರೆ ಆ ಬಿಳಿ ಕಾಗದದ ಮೇಲೆ ಚಿತ್ರ ಇಲ್ಲ ಅಂತಲ್ಲ."

"ಮತ್ತೆ?"

"ತುಂಬಾ ಚಿತ್ರಗಳಿವೆ. ಒಂದರ ಮೇಲೊಂದು ಬಿದ್ದು ಯಾವುದೂ ಕಾಣುತ್ತಿಲ್ಲ. ಕಿಂಡಿ ಒಂದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ತಡೆಯುತ್ತದೆ."

* * *

ಕಥೆ ಅಷ್ಟೇ. ಇನ್ನು ಪಾಠದ ಚಿತ್ರಕ್ಕೆ ಮರಳಿದರೆ ಎರಡೇ ಗೆರೆ ಏಕೆ ಎನ್ನುವುದು ತಿಳಿಯುತ್ತದೆ. ಮರದ ತುದಿಯ ಎಲೆಯಿಂದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಅದರಲ್ಲಿ ಬಹುಪಾಲು ಪೆಟ್ಟಿಗೆಯ ಮುಖಕ್ಕೆ ಬಡಿದೋ, ಪಕ್ಕದಲ್ಲಿ ಹಾದುಹೋಗಿಯೋ ಲೆಕ್ಕದಿಂದ ಹೊರಗುಳಿಯುತ್ತದೆ. ಕಿಂಡಿಯಲ್ಲಿ ತೂರುವ ಒಂದು ಸಣ್ಣ ಎಳೆ ಮಾತ್ರ ಪರದೆಯ ಒಂದೇ ಜಾಗಕ್ಕೆ ಹೋಗುತ್ತದೆ. ಪರದೆಯ ಆ ಜಾಗಕ್ಕೂ ಆ ಎಲೆಯ ಬೆಳಕು ಬಿಟ್ಟರೆ ಬೇರೆ ಬೆಳಕು ಬರಲು ದಾರಿಯಿಲ್ಲ. ಹೀಗೆ ಮರದ ಪ್ರತಿ ಬಿಂದುವಿಗೂ ಪರದೆಯಲ್ಲಿ ಒಂದು ಸ್ವಂತ ಜಾಗ ಸಿಗುತ್ತದೆ, ಅದೇ ಬಿಂಬ. ಆ ಜಾಗ ಎದುರುಬದಿಯಲ್ಲೇ ಇರಬೇಕು, ಏಕೆಂದರೆ ದಾರ ನೆಟ್ಟಗಿದೆ.

ಈ ಎರಡೂ ಪ್ರಯೋಗಗಳಿಗೆ ಹಳೆಯ ಚರಿತ್ರೆಯಿದೆ. ದೀಪಗಳನ್ನು ಒಂದೊಂದಾಗಿ ಮರೆಮಾಡುವ ಪರೀಕ್ಷೆಯನ್ನು ಸುಮಾರು ಸಾವಿರ ವರ್ಷಗಳ ಹಿಂದೆ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಬರೆದಿಟ್ಟಿದ್ದಾನೆ. ಕಿಂಡಿಯ ಎದುರು ಹಲವು ದೀಪಗಳನ್ನಿಟ್ಟು, ಕತ್ತಲ ಕೋಣೆಯೊಳಗೆ ಪ್ರತಿ ದೀಪದ ಬೆಳಕು ಬೇರೆಬೇರೆಯಾಗಿಯೇ ಬೀಳುವುದನ್ನು, ಒಂದಕ್ಕೆ ಮರೆ ಹಿಡಿದರೆ ಅದರದ್ದು ಮಾತ್ರ ಅಳಿಯುವುದನ್ನು ಅವನು ವಿವರಿಸುತ್ತಾನೆ. ದಾರದ ಉಪಾಯ ಖಗೋಳವಿಜ್ಞಾನಿ ಯೋಹಾನೆಸ್ ಕೆಪ್ಲರನದು. 1604ರ ಗ್ರಂಥದಲ್ಲಿ ಅವನು ಒಂದು ಪುಸ್ತಕವನ್ನು ಬೆಳಗುವ ವಸ್ತುವೆಂದು ಭಾವಿಸಿ, ಅದರ ಮೂಲೆಗಳಿಂದ ದಾರವನ್ನು ಹಲವು ಮೂಲೆಗಳ ಕಿಂಡಿಯೊಂದರ ಮೂಲಕ ನೆಲಕ್ಕೆ ಎಳೆದು, ನೆಲದ ಮೇಲೆ ಕೊನೆಗೂ ಪುಸ್ತಕದ ಆಕಾರವೇ ಮೂಡುವುದನ್ನು ತೋರಿಸಿದ. ಚೌಕ ಕಿಂಡಿಯಿಂದ ಚೌಕ ಮರ ಬರದಿರುವುದಕ್ಕೂ ಅದೇ ಉತ್ತರ: ಕಿಂಡಿ ತನ್ನ ಆಕಾರವನ್ನು ಬಿಂದುವಿನ ಮೇಲೆ ಒತ್ತುತ್ತದೆ, ಇಡೀ ಚಿತ್ರದ ಮೇಲಲ್ಲ. ಕಿಂಡಿ ಚಿಕ್ಕದಾಗಿರುವಷ್ಟು ಹೊತ್ತು ಅದು ಕಣ್ಣಿಗೆ ಬೀಳುವುದಿಲ್ಲ.

ಕಿಂಡಿಯ ಗಾತ್ರದ ಬಗ್ಗೆ ಒಂದು ಮಾತು, ಏಕೆಂದರೆ ಮನೆಯಲ್ಲಿ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಒಂದು ಬಿಂದುವಿನ ಬೆಳಕು ಪರದೆಯ ಮೇಲೆ ಬಿಂದುವಾಗಿ ಬೀಳುವುದಿಲ್ಲ, ಕಿಂಡಿಗಿಂತ ತುಸು ದೊಡ್ಡ ಮಚ್ಚೆಯಾಗಿ ಬೀಳುತ್ತದೆ. ಅಕ್ಕನ ಅಳತೆಗಳಲ್ಲಿ ಅದು ಕಿಂಡಿಯ ಒಂದೂವರೆ ಪಟ್ಟು. ಪೆನ್ಸಿಲ್ ತೂರುವ 7 ಮಿಲಿಮೀಟರಿನ ತೂತಾದರೆ ಮಚ್ಚೆ ಒಂದು ಸೆಂಟಿಮೀಟರಿಗೂ ದೊಡ್ಡದು. 3 ಸೆಂಟಿಮೀಟರ್ ಎತ್ತರದ ಉರಿಯ ಬಿಂಬವೇ ಒಂದೂವರೆ ಸೆಂಟಿಮೀಟರ್ ಇರುವಾಗ ಮೊನೆ ಯಾವುದು ಬುಡ ಯಾವುದು ತಿಳಿಯುವುದಿಲ್ಲ. ಹಾಗೆಂದು ಕಿಂಡಿಯನ್ನು ಚಿಕ್ಕದು ಮಾಡುತ್ತಲೇ ಹೋದರೂ ಒಂದು ಹಂತದ ನಂತರ ಚಿತ್ರ ಮತ್ತೆ ಮಬ್ಬಾಗುತ್ತದೆ. ಬೆಳಕು ಅಲೆಯಾದ್ದರಿಂದ ತೀರಾ ಕಿರಿದಾದ ಕಿಂಡಿಯಿಂದ ಹೊರಬಂದು ಹರಡಿಕೊಳ್ಳುತ್ತದೆ. 20 ಸೆಂಟಿಮೀಟರ್ ಆಳದ ಪೆಟ್ಟಿಗೆಗೆ 0.6 ಮಿಲಿಮೀಟರ್ ಆಸುಪಾಸಿನ ಕಿಂಡಿ ಅತ್ಯಂತ ಸ್ಪಷ್ಟ ಚಿತ್ರ ಕೊಡುತ್ತದೆ. ಆದರೆ ಅದು ಫಿಲ್ಮಿಗೋ ಫೋಟೊ ಕಾಗದಕ್ಕೋ ಸರಿ, ಅವು ಬೆಳಕನ್ನು ಬಹಳ ಹೊತ್ತು ಕೂಡಿಸಿಕೊಳ್ಳಬಲ್ಲವು. ಕಣ್ಣಿಗೆ ಆ ಸೌಲಭ್ಯವಿಲ್ಲ. ಮಕ್ಕಳಿಗೆ ತೋರಿಸುವುದಾದರೆ ಸ್ಪಷ್ಟತೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಒಂದು ಮಿಲಿಮೀಟರ್ ಇಡಿ, ಮೋಡ ಕವಿದಿದ್ದರೆ ಇನ್ನೂ ತುಸು ದೊಡ್ಡದು. ಬಿಂಬ ಇಡೀ ಮಂಕಾಗಿ ಬಿಳುಚಿಕೊಂಡಿದ್ದರೆ ದೋಷ ಕಿಂಡಿಯದಲ್ಲ. ಪೆಟ್ಟಿಗೆಗಳ ಸಂದಿನಿಂದ ಬೆಳಕು ಸೋರುತ್ತಿದೆ. ನಡುವೆ ಮಾತ್ರ ಚಿತ್ರ ಇದ್ದು ಸುತ್ತ ಕಪ್ಪಾಗಿದ್ದರೆ ಕಿಂಡಿ ಕೊರೆದ ವಸ್ತು ದಪ್ಪವಾಯಿತು ಎಂದರ್ಥ.

ಎಚ್ಚರಿಕೆ ಎರಡೇ. ಕಿಂಡಿಯ ಮೂಲಕ ಸೂರ್ಯನನ್ನು ನೇರವಾಗಿ ನೋಡಬಾರದು, ಪೆಟ್ಟಿಗೆಯನ್ನು ಸೂರ್ಯನತ್ತ ತಿರುಗಿಸಿ ಕಣ್ಣಿಡುವುದೂ ಬೇಡ. ಮೇಣದಬತ್ತಿ ಇರುವಾಗ ತಲೆಗೆ ಬಟ್ಟೆ ಹೊದೆಯುವುದು ಬೇಡ. ಕೋಣೆ ಕತ್ತಲಾಗಿದ್ದರೆ ಅದರ ಅಗತ್ಯವೂ ಇಲ್ಲ.

ನಿಮ್ಮ ಮಗ ಮುಂದೆ ಕೇಳಬಹುದಾದ ಎರಡು ಪ್ರಶ್ನೆಗಳಿಗೆ ಸಿದ್ಧರಾಗಿರಿ. ಒಂದು, ಎಡಬಲವೂ ಅದಲುಬದಲಾಗುತ್ತದೆಯೇ? ಆಗುತ್ತದೆ, ದಾರವನ್ನು ಅಡ್ಡಡ್ಡಲಾಗಿ ಎಳೆದರೂ ಅದೇ ಕಥೆ. ನೀವು ಮರದ ಮುಂದೆ ಅವನ ಎಡದಿಂದ ಬಲಕ್ಕೆ ನಡೆದರೆ ಪರದೆಯಲ್ಲಿ ಬಲದಿಂದ ಎಡಕ್ಕೆ, ತಲೆ ಕೆಳಗಾಗಿ ನಡೆಯುತ್ತೀರಿ. ಮೇಲುಕೆಳಗು, ಎಡಬಲ ಎರಡೂ ಬದಲಾಗುವುದರಿಂದ ಇದು ಕನ್ನಡಿಯ ಬಿಂಬದಂತಲ್ಲ, ಚಿತ್ರವನ್ನು ಅರ್ಧ ಸುತ್ತು ತಿರುಗಿಸಿದಂತೆ. ದೊಡ್ಡ ಅಕ್ಷರ ಬರೆದ ಹಲಗೆಯನ್ನು ಬಿಸಿಲಿನಲ್ಲಿಟ್ಟು ಪರದೆಯನ್ನು ಹಿಂದಿನಿಂದ ನೋಡಿದರೆ ತಿಳಿಯುತ್ತದೆ. ತಲೆಯನ್ನು ಪೂರ್ತಿ ಬಗ್ಗಿಸಿ ನೋಡಿದರೆ ಅದನ್ನು ಸಲೀಸಾಗಿ ಓದಬಹುದು.

ಎರಡು, ಹಾಗಾದರೆ ನಮ್ಮ ಕಣ್ಣಿನಲ್ಲಿ? ಅಲ್ಲೂ ರೆಟಿನಾದ ಮೇಲೆ ಬಿಂಬ ತಲೆಕೆಳಗೇ. ಕಣ್ಣಿನಲ್ಲಿ ಮಸೂರ ಇರುವುದರಿಂದ ಕಿಂಡಿಯನ್ನು ದೊಡ್ಡದಾಗಿಟ್ಟೂ ಒಂದು ಬಿಂದುವಿನ ಬೆಳಕನ್ನು ಒಂದೇ ಜಾಗಕ್ಕೆ ಸೇರಿಸಲು ಸಾಧ್ಯವಾಗಿದೆ; ದಿಕ್ಕಿನ ಲೆಕ್ಕ ಬದಲಾಗಿಲ್ಲ. ಇದನ್ನು ಸರಿಯಾಗಿ ಹೇಳಿದವನೂ ಕೆಪ್ಲರನೇ, ಅದೇ 1604ರ ಗ್ರಂಥದಲ್ಲಿ. ಮಿದುಳು ಆ ಚಿತ್ರವನ್ನು ಮತ್ತೆ ತಿರುಗಿಸುತ್ತದೆ ಎಂದು ಹಲವರು ಬರೆಯುತ್ತಾರೆ, ನನಗೆ ಆ ಮಾತು ಹಿಡಿಸುವುದಿಲ್ಲ. ತಿರುಗಿಸಬೇಕಾದರೆ ಒಳಗೆ ಕುಳಿತು ಅದನ್ನು ಪರದೆಯಂತೆ ನೋಡುವ ಇನ್ನೊಬ್ಬ ಬೇಕು. ರೆಟಿನಾದ ಕೆಳಭಾಗಕ್ಕೆ ಬೆಳಕು ಬಿದ್ದರೆ ವಸ್ತು ಮೇಲಿದೆ ಎಂದು ಮಿದುಳಿಗೆ ಗೊತ್ತು, ಅಷ್ಟೇ.

ಇಷ್ಟಾದ ಮೇಲೂ ನೆಟ್ಟಗಿನ ಮರವೇ ಬೇಕೆಂದು ಅವನು ಹಟ ಹಿಡಿದರೆ ದಾರಿಯಿದೆ. ಚಿಕ್ಕ ಪೆಟ್ಟಿಗೆಯನ್ನು ಹೊರತೆಗೆದು, ದೊಡ್ಡದರೊಳಗೆ ಕಿಂಡಿಯ ಎದುರಿನ ಹಿಂಬದಿಯಲ್ಲಿ ಒಂದು ಕನ್ನಡಿಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಕತ್ತರಿಸಿ ತೆಗೆದ ಹಿಂಬದಿಯ ಮುಖವನ್ನು ರಟ್ಟಿನಿಂದ ಮುಚ್ಚಿ. ಅದರ ಕೆಳ ಅಂಚು ಕಿಂಡಿಯ ಕಡೆಗೆ, ಮೇಲಿನ ಅಂಚು ಹಿಂಬದಿಯ ಗೋಡೆಯ ಕಡೆಗೆ ಇರಲಿ. ಬೆಳಕು ಕನ್ನಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಪೆಟ್ಟಿಗೆಯ ಮೇಲ್ಮುಖವನ್ನು ಅಷ್ಟಗಲ ಕತ್ತರಿಸಿ ಟ್ರೇಸಿಂಗ್ ಕಾಗದವನ್ನು ಅಲ್ಲಿಗೆ ಅಂಟಿಸಿ. ಪೆಟ್ಟಿಗೆಯ ಹಿಂದೆ ಮರದತ್ತ ಮುಖ ಮಾಡಿ ನಿಂತು ಕೆಳಕ್ಕೆ ನೋಡಿದರೆ ಮರ ನೆಟ್ಟಗೆ ನಿಂತಿರುತ್ತದೆ. ಎಡಬಲ ಮಾತ್ರ ಅದಲುಬದಲಾಗಿಯೇ ಇರುತ್ತದೆ. ಹಲಗೆಯ ಅಕ್ಷರಗಳನ್ನು ಈಗ ತಲೆ ಬಗ್ಗಿಸಿದರೂ ಓದಲಾಗುವುದಿಲ್ಲ, ಇನ್ನೊಂದು ಕನ್ನಡಿ ಬೇಕಾಗುತ್ತದೆ.